ಗಾಜಿನ ಬಾಟಲಿಯೋ, ಸಾದಾ ಪ್ಯಾಕೆಟ್ಟೋ: ನೂರು ಗ್ರಾಂ ಲೆಕ್ಕ

ಇನ್‌ಸ್ಟಂಟ್ ಕಾಫಿ ಪುಡಿ ಕೊಳ್ಳುವಾಗ ನನ್ನ ಆಯ್ಕೆ ಸಾದಾ ಪ್ಯಾಕೆಟ್. ಗಾಜಿನ ಬಾಟಲಿ ಕೊಂಡು ಪೆಟ್ಟು ತಿಂದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಆನ್‌ಲೈನ್‌ನಲ್ಲಿ ಒಂದೇ ಕಂಪನಿಯ ಇನ್‌ಸ್ಟಂಟ್ ಕಾಫಿ ಪುಡಿ ಎರಡು ರೂಪದಲ್ಲಿತ್ತು. ಬಾಟಲಿಯ ಬೆಲೆ 240, ತೂಕ 600 ಗ್ರಾಂ. ಪ್ಯಾಕೆಟ್‌ನ ಬೆಲೆ 175, ತೂಕ 250 ಗ್ರಾಂ. ಬೆಲೆಯನ್ನು ತೂಕದಿಂದ ಭಾಗಿಸಿ 100ರಿಂದ ಗುಣಿಸಿದೆ. ನೂರು ಗ್ರಾಂಗೆ ಬಾಟಲಿ 40, ಪ್ಯಾಕೆಟ್ 70. ಇಷ್ಟೊಂದು ವ್ಯತ್ಯಾಸ ಕಂಡಾಗಲೇ ಅನುಮಾನ ಬರಬೇಕಿತ್ತು. ಖುಷಿಯಲ್ಲಿ ಬಾಟಲಿ ತರಿಸಿಬಿಟ್ಟೆ.

ಮನೆಗೆ ಬಂದ ಬಾಟಲಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನಿವ್ವಳ ತೂಕ 300 ಗ್ರಾಂ ಅಂತಿತ್ತು. ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟೆ, 600. ಪುಡಿಯನ್ನೆಲ್ಲ ಡಬ್ಬಿಗೆ ಸುರಿದು, ಖಾಲಿ ಬಾಟಲಿಯನ್ನು ಮುಚ್ಚಳದ ಸಮೇತ ತೂಗಿದೆ, 300. ಪುಟದಲ್ಲಿ ಹಾಕಿದ್ದು ಒಟ್ಟು ತೂಕ, ಅಂದರೆ ಪುಡಿ, ಗಾಜು, ಮುಚ್ಚಳ ಎಲ್ಲ ಸೇರಿ. ಸಾಗಣೆಯವರಿಗೆ ಬೇಕಾದ ಲೆಕ್ಕ ಅದು. ನಾನು ಕುಡಿಯುವುದು ಪುಡಿಯನ್ನು, ಗಾಜನ್ನಲ್ಲ ಅಲ್ವಾ? 300 ಗ್ರಾಂ ಹಿಡಿದು ಮತ್ತೆ ಲೆಕ್ಕ ಹಾಕಿದರೆ ಬಾಟಲಿಯ ಪುಡಿ ನೂರು ಗ್ರಾಂಗೆ 80. ಅಗ್ಗ ಅಂದುಕೊಂಡದ್ದೇ ದುಬಾರಿಯಾಗಿತ್ತು.

ಈಗ ಪುಟದಲ್ಲಿ ಬರೀ ‘ತೂಕ’ ಅಂತಿದ್ದರೆ ನಂಬುವುದಿಲ್ಲ. ಪ್ಯಾಕಿನ ಹಿಂಬದಿಯ ಫೋಟೋ ದೊಡ್ಡದು ಮಾಡಿ ‘ನಿವ್ವಳ’ ಅನ್ನುವ ಪದ ಹುಡುಕುತ್ತೇನೆ. ಗಾಜು, ತಗಡಿನ ಡಬ್ಬಿಗಳಲ್ಲಿ ಈ ಮೋಸ ಜಾಸ್ತಿ. ತೆಳು ಪ್ಯಾಕೆಟ್‌ನಲ್ಲಿ ಎರಡೂ ತೂಕ ಹೆಚ್ಚು ಕಡಿಮೆ ಒಂದೇ.

ಆಮೇಲೆ ತಂದ ಪ್ಯಾಕೆಟ್ ತೂಗಿದಾಗ 258 ಗ್ರಾಂ ಇತ್ತು, ಖಾಲಿ ಕವರ್ 8. ಒಳಗೆ ಸರಿಯಾಗಿ 250. ಒಡೆಯದ ಪ್ಯಾಕೆಟ್ ಯಾವಾಗಲೂ ನಿವ್ವಳ ತೂಕಕ್ಕಿಂತ ಸ್ವಲ್ಪ ಹೆಚ್ಚೇ ತೂಗಬೇಕು. ಸರಿಯಾಗಿ 250 ತೋರಿಸಿದರೆ ಪುಡಿ ಕಡಿಮೆ ಇದೆ ಅಂತ ಅನುಮಾನ ಪಡಬಹುದು. ಆದರೆ ಮನೆಯ ತಕ್ಕಡಿ ಒಂದೆರಡು ಗ್ರಾಂ ಆಚೀಚೆ ತೋರಿಸುತ್ತದೆ, ಅಷ್ಟಕ್ಕೇ ಜಗಳಕ್ಕೆ ಹೋಗಬೇಡಿ.

ಒಂದು ಕಿಲೋ ಪ್ಯಾಕ್ ಕೂಡ ಇದೆ, ಬೆಲೆ 620. ನೂರು ಗ್ರಾಂಗೆ 62 ಬೀಳುತ್ತದೆ, ಮೂರರಲ್ಲಿ ಇದೇ ಅಗ್ಗ. ಒಮ್ಮೆ ತಂದಿದ್ದೆ. ನಾನು ದಿನಕ್ಕೆ ಎರಡೇ ಲೋಟ ಕುಡಿಯುವುದು. ಪ್ಯಾಕ್ ಬಹಳ ದಿನ ತೆರೆದೇ ಇತ್ತು, ತೇವ ಹೀರಿ ಕೊನೆಯ 150 ಗ್ರಾಂ ಗಟ್ಟಿ ಹೆಂಟೆಯಾಯಿತು, ಎಸೆದೆ. ಬಳಸಿದ್ದು 850 ಗ್ರಾಂ. ಹಾಗೆ ನೋಡಿದರೆ ನೂರು ಗ್ರಾಂಗೆ 73 ಬಿತ್ತು. ಕಾಫಿ ಕುಡಿಯುವವರು ನಾಲ್ಕೈದು ಜನ ಇರುವ ಮನೆಗೆ ಕಿಲೋ ಪ್ಯಾಕೇ ಸರಿ. ನನಗೆ 250 ಗ್ರಾಂ ಪ್ಯಾಕೆಟ್ ಸಾಕು. ಆ ಗಾಜಿನ ಬಾಟಲಿಯಲ್ಲಿ ಈಗ ಅದರ ಪುಡಿಯನ್ನೇ ತುಂಬಿಡುತ್ತೇನೆ.