ಮೂರು ಕೊಟೇಶನ್ ಬಂದಿದೆ ಅಂದರೆ ಸಾಲದು, ಮೂಲ ಕಾಗದ ನೋಡಿ

ಪುಣೆ, ಮುಂಬೈ ಕಡೆ ಹೊಸದಾಗಿ ಹೋಟೆಲ್ ಹಾಕುತ್ತಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಡುಗೆಮನೆಯ ಸ್ಟೀಲ್ ಸಾಮಾನಿಗೆ "ನಾನೇ ಮೂರು ಪಾರ್ಟಿಯಿಂದ ಕೊಟೇಶನ್ ತರಿಸಿ, ಪಟ್ಟಿ ಮಾಡಿ ಕೊಡ್ತೀನಿ, ನೀವು ಸುಮ್ನೆ ಸಹಿ ಹಾಕಿ" ಅನ್ನುವ ಕನ್ಸಲ್ಟೆಂಟ್ ಸಿಕ್ಕರೆ, ಆ ಮೂರು ಪಾರ್ಟಿಯ ಮೂಲ ಕಾಗದವನ್ನು ಕೇಳಿ ಓದಿ. ಅವರ ಪಟ್ಟಿ ಮಾತ್ರ ನೋಡಿ ದುಡ್ಡು ಕೊಡಬೇಡಿ.

ನಾನು ಮತ್ತು ನನ್ನ ಪಾರ್ಟ್ನರ್ ಚಿಂಚ್‌ವಡದಲ್ಲಿ ಉಡುಪಿ ಹೋಟೆಲ್ ಶುರು ಮಾಡಿದಾಗ ಅಡುಗೆಮನೆ ಕೆಲಸವನ್ನು ಇಂಥ ಒಬ್ಬರಿಗೆ ವಹಿಸಿದ್ದೆವು. ಅವರು ಭೋಸರಿ ಕಡೆಯ ಫ್ಯಾಬ್ರಿಕೇಟರ್‌ಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ವಿಚಾರಣೆ ಒಂದೇ ಸಾಲು: ಆರು ಎಸ್‌ಎಸ್ ಟೇಬಲ್, 6 ಅಡಿ ಉದ್ದ, ಎರಡೂವರೆ ಅಡಿ ಅಗಲ, ಕೆಳಗೊಂದು ಶೆಲ್ಫ್, ಜೊತೆಗೆ ಒಂದು ಮೂರು ಗುಂಡಿಯ ಸಿಂಕ್, ರೇಟ್ ಕಳಿಸಿ. ಬಂದ ಉತ್ತರಗಳನ್ನು ಅವರೇ ಟೈಪ್ ಮಾಡಿ ನಮ್ಮ ಮುಂದಿಟ್ಟರು. ಅದರಲ್ಲಿ ಸಾಮಾನಿನ ಹೆಸರು ಮತ್ತು ರೇಟ್, ಅಷ್ಟೇ. ಟೇಬಲ್ ಒಂದಕ್ಕೆ ಒಬ್ಬರದು 14,500, ಇನ್ನೊಬ್ಬರದು 18,500, ಮೂರನೆಯವರದು 21,000. ಕಣ್ಣಿಗೆ ಕಾಣುವ ಹಾಗೆ ನಾಲ್ಕು ಸಾವಿರ ಉಳಿತಾಯ ಇದ್ದಾಗ ಯಾರು ಬಿಡ್ತಾರೆ? 14,500ರವರಿಗೇ ಆರ್ಡರ್ ಹೋಯಿತು.

ಸಾಮಾನು ಬಂದ ದಿನವೇ ಲೆಕ್ಕ ಬೆಳೆಯತೊಡಗಿತು. ಬಿಲ್ಲಿನಲ್ಲಿ 18% ಜಿಎಸ್‌ಟಿ ಬೇರೆ. ಅವರ ರೇಟು ಅವರ ವರ್ಕ್‌ಶಾಪ್ ಬಾಗಿಲಿನದಂತೆ, ಹಾಗಾಗಿ ಟೆಂಪೊ ಬಾಡಿಗೆ 6,000 ನಮ್ಮದು. ಟೆಂಪೊ ಬಂದು ಗೇಟಿನ ಹೊರಗೆ ನಿಂತಿತು. ಇಳಿಸುವ ಕೆಲಸಕ್ಕೆ ಮಾಥಾಡಿಗಳನ್ನು, ಅಂದರೆ ಇಲ್ಲಿನ ಹಮಾಲರನ್ನು, ಕರೆಯಬೇಕಾಯಿತು, ಅದಕ್ಕೆ 3,500. ಈಗ ಕೂಡಿಸಿ ನೋಡಿ. ಆರು ಟೇಬಲ್‌ಗೆ 87,000, ಜಿಎಸ್‌ಟಿ 15,660, ಟೆಂಪೊ, ಇಳಿಸುವ ಕೂಲಿ, ಎಲ್ಲ ಸೇರಿ 1,12,160.

ಮಧ್ಯದ ಪಾರ್ಟಿಯ ಮೂಲ ಕೊಟೇಶನ್ ನಮ್ಮ ಕೈಗೆ ಸಿಕ್ಕಿದ್ದು ಆಮೇಲೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಜಿಎಸ್‌ಟಿ ಸೇರಿ, ನಿಮ್ಮ ಅಡುಗೆಮನೆಯವರೆಗೆ ತಲುಪಿಸಿ, ಇಳಿಸಿ, ಲೆವೆಲ್ ಮಾಡಿ ಕೊಡುವ ರೇಟು. ಆರಕ್ಕೆ 1,11,000. ಅಂದರೆ "ಕಮ್ಮಿ" ಪಾರ್ಟಿ 1,160 ರೂಪಾಯಿ ದುಬಾರಿ! ಅದೇ ಕಾಗದದಲ್ಲಿ "304 ಗ್ರೇಡ್, 1.2 ಎಂಎಂ" ಅಂತ ಸ್ಟೀಲಿನ ಜಾತಿ, ಶೀಟಿನ ದಪ್ಪ ಕೂಡ ಇತ್ತು. ಕನ್ಸಲ್ಟೆಂಟ್ ಪಟ್ಟಿಗೆ ಈ ಎರಡೂ ಸಾಲು ಬಂದಿರಲೇ ಇಲ್ಲ. ಬೇಕಂತಲೇ ಬಿಟ್ಟರೋ, ಸೋಮಾರಿತನವೋ, ನನಗೆ ನನ್ನ ಅನುಮಾನ ಇದೆ. ಬಾಕಿ ಫೀಸು ನಾವು ಕೊಟ್ಟಿಲ್ಲ.

ಮೊದಲ ಮಳೆಗಾಲದಲ್ಲೇ ಸಿಂಕಿನ ವೆಲ್ಡಿಂಗ್ ಪಕ್ಕ ಚಹಾ ಬಣ್ಣದ ಕಲೆ ಎದ್ದಿತು. ಉಜ್ಜಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಉಪ್ಪು, ಹುಣಸೆಹುಳಿ, ಬ್ಲೀಚ್ ನೀರು ದಿನವೂ ಬೀಳುವ ಜಾಗ ಅದು. ಟೇಬಲ್ ಮೇಲೆ ಹಿಟ್ಟಿನ ಪಾತ್ರೆ ಇಟ್ಟರೆ ಹಲಗೆ ಡಬ್ ಅಂತ ಒಳಗೆ ಹೋಗಿ, ಎತ್ತಿದಾಗ ಡಬ್ ಅಂತ ಮೇಲೆ ಬರುತ್ತಿತ್ತು. ಫ್ಯಾಬ್ರಿಕೇಟರ್‌ಗೆ ಫೋನ್ ಮಾಡಿದರೆ ಸಮಾಧಾನವಾಗಿ ಹೇಳಿದರು: "ಸ್ಟೀಲ್ ಮ್ಹಣಾಲಾತ್, ಸ್ಟೀಲ್ ದಿಲಂ." ಸ್ಟೀಲ್ ಅಂದ್ರಿ, ಸ್ಟೀಲ್ ಕೊಟ್ಟೆ. ವಿಚಾರಣೆಯಲ್ಲಿ ಬರೆದದ್ದೂ ಅಷ್ಟೇ ಅಲ್ವಾ? ಜಗಳ ಮಾಡಲು ನಮ್ಮ ಕೈಯಲ್ಲಿ ಕಾಗದವೇ ಇರಲಿಲ್ಲ.

ಅವರು ಕೊಟ್ಟದ್ದು 202 ಗ್ರೇಡ್. ಅದೂ ಸ್ಟೇನ್‌ಲೆಸ್ ಸ್ಟೀಲೇ, ಸುಳ್ಳಲ್ಲ. ಆದರೆ 304ರಲ್ಲಿ ನಿಕಲ್ ಸುಮಾರು 8% ಇದ್ದರೆ, 202ರಲ್ಲಿ 4ರಿಂದ 6%, ಉಳಿದದ್ದಕ್ಕೆ ಮ್ಯಾಂಗನೀಸ್ ಹಾಕಿರುತ್ತಾರೆ. ಒಣ ಜಾಗದಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. ಉಪ್ಪು ನೀರು ಬೀಳುವ ಕಡೆ 304ರ ಮುಂದೆ ನಿಲ್ಲುವುದಿಲ್ಲ. ಹೊಸದಾಗಿದ್ದಾಗ ಎರಡೂ ಒಂದೇ ಥರ ಹೊಳೆಯುತ್ತವೆ. ಅಯಸ್ಕಾಂತ ಹಿಡಿದು ನೋಡಿ ಅಂತ ಎಲ್ಲರೂ ಹೇಳುತ್ತಾರೆ, ಅದು ಇಲ್ಲಿ ಕೆಲಸಕ್ಕೆ ಬಾರದ ಉಪಾಯ. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಬಗ್ಗಿಸಿದ ಮೂಲೆಯಲ್ಲಿ ಮಾತ್ರ ಅಸಲಿ 304 ಕೂಡ ಸ್ವಲ್ಪ ಎಳೆಯಬಹುದು. ಪತ್ತೆ ಮಾಡಲು ಹನಿ ಹಾಕುವ ಟೆಸ್ಟ್ ಕಿಟ್ ಸಿಗುತ್ತದೆ, ಬಣ್ಣದ ವ್ಯತ್ಯಾಸದಲ್ಲಿ ಗೊತ್ತಾಗುತ್ತದೆ. ಪಾರ್ಟಿ ಅದಕ್ಕೂ ಒಪ್ಪದಿದ್ದರೆ ಲ್ಯಾಬಿನವರು ಗನ್ ಥರದ ಯಂತ್ರ ಹಿಡಿದು ಯಾವ ಲೋಹ ಎಷ್ಟಿದೆ ಅಂತ ಬರೆದು ಕೊಡುತ್ತಾರೆ.

ಆಮೇಲೆ ಕೇಟರಿಂಗ್‌ಗಾಗಿ ಮೇಲಿನ ಮಹಡಿಯಲ್ಲಿ ಇನ್ನೊಂದು ಅಡುಗೆಮನೆ ಮಾಡಬೇಕಾಯಿತು. ಈ ಸಲ ವಿಚಾರಣೆ ಬರೆದವನು ನನ್ನ ಹೆಂಡತಿಯ ತಮ್ಮ. ಚಾಕಣ್‌ನ ಒಂದು ಕಂಪನಿಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತಾನೆ. ಹಳೆಯ ಪಟ್ಟಿ ನೋಡಿ ನಕ್ಕುಬಿಟ್ಟ. "ಭಾವ, ಪಾರ್ಟಿ ಹೇಳಿದ್ದನ್ನ ನಾವು ಪಟ್ಟಿ ಮಾಡಬಾರದು. ಖಾಲಿ ಪಟ್ಟಿ ನಾವು ಕೊಡಬೇಕು, ತುಂಬಿಸಿ ಸಹಿ ಹಾಕೋದು ಅವರು" ಅಂದ.

ಅವನ ವಿಚಾರಣೆ ಒಂದೇ ಹಾಳೆ. ಒಂದು ಟೇಬಲ್ ಬಗ್ಗೆ ಹೀಗಿತ್ತು: 1800 x 750, ಎತ್ತರ 850 ಎಂಎಂ. ಮೇಲಿನ ಹಲಗೆ 304, ದಪ್ಪ 1.2 ಎಂಎಂ, ಎಲ್ಲಿ ಅಳೆದರೂ 1.1ಕ್ಕಿಂತ ಕಮ್ಮಿ ಇರಬಾರದು, ಪ್ಲಾಸ್ಟಿಕ್ ಫಿಲ್ಮ್ ತೆಗೆದು ಅಳೆಯುವುದು. ಹಲಗೆಯ ಕೆಳಗೆ ಆಸರೆ ಪಟ್ಟಿ ಬೇಕು. ಕೆಳಗಿನ ಶೆಲ್ಫ್ ಮತ್ತು ಕಾಲು ಯಾವ ಗ್ರೇಡ್, ಎಷ್ಟು ದಪ್ಪ ಅಂತ ಬೇರೆ ಬೇರೆಯಾಗಿ ಬರೆಯಬೇಕು. ಯಾಕಂದರೆ ಮೇಲೆ 304 ಹಾಕಿ, ಕೆಳಗೆಲ್ಲ 202 ಹಾಕುವುದು ಈ ಧಂದೆಯಲ್ಲಿ ಮಾಮೂಲು. ದಪ್ಪ ಹೇಳಲು ಗೇಜ್ ಅನ್ನೋ ಪದವನ್ನೇ ಅವನು ಬಳಸಲಿಲ್ಲ. ಲೆಕ್ಕಕ್ಕೆ 18 ಗೇಜ್ ಅಂದರೆ ಸುಮಾರು 1.2 ಎಂಎಂ, ಆದರೆ ಮಾರುವವರ ಬಾಯಲ್ಲಿ ಅದು 1 ಎಂಎಂ ಕೂಡ ಆಗುತ್ತದೆ.

ಪಟ್ಟಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತೂಕದ ಖಾನೆ. ಒಂದು ಚದರ ಮೀಟರ್ ಸ್ಟೀಲ್ ಶೀಟು 1.2 ಎಂಎಂ ಇದ್ದರೆ ಸುಮಾರು 9.5 ಕೆಜಿ, 0.9 ಇದ್ದರೆ 7 ಕೆಜಿ ಚಿಲ್ಲರೆ. ಮಡಚಿದ ಅಂಚು, ಶೆಲ್ಫ್ ಎಲ್ಲ ಸೇರಿ ನಮ್ಮ ಟೇಬಲ್‌ಗೆ ಮೂರು ಚದರ ಮೀಟರ್ ಶೀಟು ಬೇಕು. ಅಂದರೆ ಕಾಲು ಬಿಟ್ಟು 28 ಕೆಜಿ ಬರಬೇಕಾದ ಕಡೆ ತೆಳು ಶೀಟು ಹಾಕಿದರೆ 21 ಬರುತ್ತದೆ. ಅಂಚು ಮಡಚಿದ ಮೇಲೆ ದಪ್ಪ ಅಳೆಯುವುದು ಕಷ್ಟ. ತೂಕ ನೋಡುವುದು ಸುಲಭ, ತಕ್ಕಡಿ ಇದ್ದರೆ ಸಾಕು. ಐದು ಪಾರ್ಟಿಗೆ ಕಳಿಸಿದೆವು. ತುಂಬಿಸಿ ಕಳಿಸಿದವರಲ್ಲಿ ಇಬ್ಬರು ಕಾಲು ಸೇರಿ 37, 38 ಕೆಜಿ ಬರೆದರೆ, ಒಬ್ಬರು 29 ಅಂತ ಬರೆದಿದ್ದರು. ಅವರ ರೇಟೇ ಎಲ್ಲಕ್ಕಿಂತ ಕಮ್ಮಿ. ಕೇಳಿದಾಗ ಶೆಲ್ಫ್ ತೆಳು ಶೀಟಿನದು ಅಂತ ಒಪ್ಪಿಕೊಂಡರು. ಇನ್ನಿಬ್ಬರು "ಎರಡು ಟೇಬಲ್‌ಗೆ ಇಷ್ಟೆಲ್ಲ ಯಾರು ಬರೀತಾರೆ" ಅಂತ ಉತ್ತರವನ್ನೇ ಕೊಡಲಿಲ್ಲ. ಅದೂ ಒಳ್ಳೆಯದೇ ಆಯಿತು.

ಬೆಲೆಯ ಖಾನೆಗಳನ್ನು ಅವನು ಬಿಡಿಬಿಡಿಯಾಗಿ ಮಾಡಿದ್ದ: ಸಾಮಾನು, ಜಿಎಸ್‌ಟಿ, ಸಾಗಣೆ, ಇಳಿಸುವುದು, ಕೂರಿಸುವುದು, ಕೊನೆಗೆ ಎಲ್ಲ ಸೇರಿದ ಮೊತ್ತ. ಹೋಲಿಸುವುದು ಆ ಕೊನೆಯ ಖಾನೆಯನ್ನು ಮಾತ್ರ. ಕೆಳಗೆ ಒಂದು ಸಾಲು: ಯಾವ ಖಾನೆ ಖಾಲಿ ಬಿಟ್ಟಿದ್ದೀರೋ ಅದರ ಖರ್ಚು ರೇಟಿನಲ್ಲೇ ಸೇರಿದೆ ಅಂತ ಅರ್ಥ. ಈ ಒಂದು ಸಾಲಿಗೆ ಹೆದರಿ ಉತ್ತರ ಕೊಟ್ಟ ಮೂವರೂ ಎಲ್ಲ ಖಾನೆ ತುಂಬಿಸಿದರು.

ಜಿಎಸ್‌ಟಿ ವಿಷಯದಲ್ಲಿ ಅವನಿಗೂ ನಮಗೂ ವ್ಯತ್ಯಾಸ ಇದೆ. ಅವನ ಕಂಪನಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುತ್ತದೆ, ಹಾಗಾಗಿ ಅಲ್ಲಿ ತೆರಿಗೆ ಬಿಟ್ಟು ಹೋಲಿಸುತ್ತಾರೆ. ನಮ್ಮದು 5% ಜಿಎಸ್‌ಟಿಯ ಹೋಟೆಲ್, ಇನ್‌ಪುಟ್ ಕ್ರೆಡಿಟ್ ಇಲ್ಲ. ಕೊಟ್ಟ 18% ಪೂರ್ತಿ ನಮ್ಮ ಖರ್ಚು. ಕಾಂಪೊಸಿಶನ್ ಸ್ಕೀಮಿನ ಸಣ್ಣ ಫ್ಯಾಬ್ರಿಕೇಟರ್ ಬಿಲ್ಲಿನಲ್ಲಿ ತೆರಿಗೆ ಬೇರೆ ಹಾಕುವ ಹಾಗೇ ಇಲ್ಲ. ಹಾಗಾಗಿ ಅವರ ಮೂಲ ರೇಟು ಸ್ವಲ್ಪ ಜಾಸ್ತಿ ಕಂಡರೂ ನಮ್ಮಂಥವರಿಗೆ ಕೊನೆಗೆ ಅಗ್ಗ ಬೀಳಬಹುದು. ಪೇಟೆಯ ದೊಡ್ಡ ಕಂಪನಿಯ ನಮೂನೆ ತಂದು ಹಾಗೇ ಬಳಸಿದರೆ ಇದು ಕಾಣುವುದೇ ಇಲ್ಲ.

ತಲುಪಿಸುವ ವಿಷಯದಲ್ಲಿ "ಸೈಟಿಗೆ ಡೆಲಿವರಿ" ಅಂತ ಬರೆಯಬೇಡಿ. ಸೈಟ್ ಅಂದರೆ ಫುಟ್‌ಪಾತ್ ಅಂತ ವಾದ ಮಾಡುತ್ತಾರೆ. ನಾವು ಬರೆದದ್ದು: ಮೊದಲ ಮಹಡಿಯ ಅಡುಗೆಮನೆಯ ಒಳಗೆ, ಲಿಫ್ಟ್ ಇಲ್ಲ, ಮೆಟ್ಟಿಲು 900 ಎಂಎಂ ಅಗಲ, ಮಾಥಾಡಿ ಕೂಲಿ ಪಾರ್ಟಿಯದೇ. ಒಬ್ಬರು ಬಂದು ಮೆಟ್ಟಿಲು ನೋಡಿ, ಸಿಂಕ್ ತಿರುವಿನಲ್ಲಿ ತಿರುಗುವುದಿಲ್ಲ, ಎರಡು ತುಂಡು ಮಾಡಿ ಮೇಲೆ ಜೋಡಿಸಬೇಕು ಅಂದರು. ಅದನ್ನು ಉಳಿದವರಿಗೂ ಅದೇ ದಿನ ತಿಳಿಸಿದೆವು. ಇಲ್ಲದಿದ್ದರೆ ಒಬ್ಬರ ರೇಟಲ್ಲಿ ಆ ಕೆಲಸ ಇರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ. ಒಬ್ಬರ ರೇಟನ್ನು ಇನ್ನೊಬ್ಬರಿಗೆ ಮಾತ್ರ ಹೇಳಲಿಲ್ಲ. "ಮೂರು ವಾರ" ಅಂದವರಿಗೂ ಒಂದು ಪ್ರಶ್ನೆ ಹಾಕಿ: ಯಾವತ್ತಿನಿಂದ? ಅಡ್ವಾನ್ಸ್ ಕೊಟ್ಟ ದಿನದಿಂದಲೋ, ಡ್ರಾಯಿಂಗ್ ಒಪ್ಪಿದ ದಿನದಿಂದಲೋ? ಮುಗಿಯುವುದು ಅವರ ವರ್ಕ್‌ಶಾಪಿನಲ್ಲೋ, ನಮ್ಮ ಅಡುಗೆಮನೆಯಲ್ಲೋ?

ಎಲ್ಲವನ್ನೂ 304 ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಒಣ ಸಾಮಾನಿನ ಕೋಣೆಯ ಟೇಬಲ್‌ಗೆ ನಾವೇ ಬೇಕಂತ 202 ಶೆಲ್ಫ್ ಒಪ್ಪಿಕೊಂಡೆವು, ದುಡ್ಡು ಉಳಿಯಿತು. 316 ಬೇಕು, ಇಂಥದೇ ಬ್ರ್ಯಾಂಡ್ ಶೀಟು ಬೇಕು ಅಂತ ಸುಮ್ನೆ ಏರಿಸಿ ಬರೆದರೆ ಸಣ್ಣ ಪಾರ್ಟಿಗಳು ಓಡಿಹೋಗುತ್ತವೆ. ಪಟ್ಟಿಯ ಕೊನೆಯಲ್ಲಿ "ನಮ್ಮ ಬೇಡಿಕೆಯಲ್ಲಿ ಒಪ್ಪದ ಅಂಶ" ಅಂತ ಒಂದು ಖಾನೆ ಇಡಿ. ಅಲ್ಲಿ ಬರೆದದ್ದಕ್ಕೆ ರೇಟು ಚೌಕಾಸಿ ಮಾಡಬಹುದು. ಬರೆಯದೆ ಮಾಡಿದ್ದನ್ನು ವಾಪಸ್ ಕಳಿಸಬಹುದು.

ಈ ಧಂದೆಯಲ್ಲಿ ಅರ್ಧ ಅಡ್ವಾನ್ಸ್, ಬಾಕಿ ಅರ್ಧ ಲೋಡ್ ಮಾಡುವ ಮೊದಲೇ ಅನ್ನುವುದು ರೂಢಿ. ಹಾಗೆ ಕೊಟ್ಟರೆ ತಪ್ಪು ಕಂಡಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಾವು 50% ಅಡ್ವಾನ್ಸ್, ವರ್ಕ್‌ಶಾಪಿನಲ್ಲಿ ತೂಕ ಮತ್ತು ಹನಿ ಟೆಸ್ಟ್ ಆದ ಮೇಲೆ 40%, ಮೇಲೆ ಕೂರಿಸಿದ ಮೇಲೆ 10% ಅಂತ ವಿಚಾರಣೆಯಲ್ಲೇ ಹಾಕಿದ್ದೆವು. ಆರ್ಡರ್ ಪಡೆದವರು ಮೊದಲು ಗೊಣಗಿದರು. ಎರಡು ಟೇಬಲ್‌ನ ಕಾಲು ಅಲುಗಾಡುತ್ತಿತ್ತು. ಅದನ್ನು ಬಂದು ಸರಿಮಾಡಿ ಹೋದದ್ದು ಆ ಹತ್ತು ಪರ್ಸೆಂಟ್ ಇದ್ದದ್ದಕ್ಕೇ.