20 ಲಕ್ಷ: ಸಾಲ ಕೇಳಬೇಕೋ, ಪಾಲು ಕೊಡಬೇಕೋ?

ಹುಬ್ಬಳ್ಳಿಯಲ್ಲಿ ದೋಸೆ ಹಿಟ್ಟು ಮಾರುವ ಪುಟ್ಟ ಪ್ರೈವೇಟ್ ಲಿಮಿಟೆಡ್ ಕಂಪನಿ ನಿಮ್ಮದು ಅಂದುಕೊಳ್ಳಿ. ಊರಿನ ವ್ಯಾಪಾರಿಯೊಬ್ಬರ ಹತ್ತಿರ 20 ಲಕ್ಷ ಕೇಳಬೇಕು.

ಸಾಲವಾದರೆ ಲೆಕ್ಕ ಸುಲಭ. ವರ್ಷಕ್ಕೆ 12% ಬಡ್ಡಿ, 3 ವರ್ಷದ ಅವಧಿ ಅಂದರೆ ತಿಂಗಳಿಗೆ ಸುಮಾರು 66,400 ರೂಪಾಯಿ ಕಂತು. ಕಂಪನಿ ಪೂರ್ತಿ ನಿಮ್ಮದೇ, ಆದರೆ ವ್ಯಾಪಾರ ಕುಸಿದರೂ ಕಂತು ನಿಲ್ಲೋದಿಲ್ಲ.

ಪಾಲು ಕೊಟ್ಟರೆ ಕಂತಿಲ್ಲ. ಆದರೆ ‘ಕಂಪನಿ ಬೆಲೆ 80 ಲಕ್ಷ’ ಎಂದು ಸುಮ್ನೆ ಹೇಳಬೇಡಿ. ಹಣ ಬರುವ ಮುಂಚಿನ ಬೆಲೆಯಾದರೆ ಅವರಿಗೆ 20%, ಬಂದ ನಂತರದ್ದಾದರೆ 25%. ಎಷ್ಟು ಫರಕು, ಅಲ್ವಾ? ಅವರ ಪಾಲು 25% ದಾಟಿದರೆ, ಮುಕ್ಕಾಲು ಪಾಲು ಮತ ಬೇಕಾಗುವ ಕಂಪನಿಯ ದೊಡ್ಡ ತೀರ್ಮಾನಗಳನ್ನು, ಅಂದರೆ ವಿಶೇಷ ನಿರ್ಣಯಗಳನ್ನು, ಅವರೊಬ್ಬರೇ ತಡೆಯಬಹುದು.

ತಿಂಗಳ ಲಾಭ ಕಂತಿನ ಎರಡರಷ್ಟಿದ್ದರೆ ನಾನಂತೂ ಸಾಲವನ್ನೇ ಕೇಳುತ್ತೇನೆ. ಲಾಭಕ್ಕೆ ಇನ್ನೂ ವರ್ಷಗಳು ಬೇಕಿದ್ದರೆ ಪಾಲು.