ಸಾಲ ಬೇಗ ತೀರಿಸಿದ್ದಕ್ಕೆ ತೆತ್ತ ದಂಡ: ಟೇಕ್‌ಓವರ್‌ಗೆ ಸಹಿ ಹಾಕುವವರ ಗಮನಕ್ಕೆ

ಸ್ಥಿರ ಬಡ್ಡಿಯ ವ್ಯಾಪಾರ ಸಾಲವನ್ನು ಅವಧಿಗೆ ಮುನ್ನ ಮುಚ್ಚಿ ಕಡಿಮೆ ಬಡ್ಡಿಯ ಬೇರೊಂದು ಬ್ಯಾಂಕಿಗೆ ವರ್ಗಾಯಿಸಿಕೊಳ್ಳಬೇಕೆಂದು ಯೋಚಿಸುತ್ತಿರುವ ಸಣ್ಣ ಉದ್ದಿಮೆದಾರರು, ಹಳೆಯ ಸಾಲದಾತರಿಂದ ಮುಕ್ತಾಯದ ಲೆಕ್ಕಪಟ್ಟಿ ಲಿಖಿತವಾಗಿ ಕೈಸೇರುವವರೆಗೆ ಹೊಸ ಬ್ಯಾಂಕಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮಲ್ಪೆಯಲ್ಲಿರುವ ನಮ್ಮ ಮನೆಯವರ ಐಸ್ ಪ್ಲಾಂಟ್ ಕಂಪನಿಗೆ ಈ ಕ್ರಮ ತಪ್ಪಿದ್ದರಿಂದ ಏನಾಯಿತು ಎಂಬುದನ್ನು ಅಂಕಿಗಳ ಸಮೇತ ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಕಂಪ್ರೆಸರ್ ಅಳವಡಿಸಲು 2024ರ ಜನವರಿಯಲ್ಲಿ ಒಂದು ಬ್ಯಾಂಕೇತರ ಹಣಕಾಸು ಸಂಸ್ಥೆಯಿಂದ 60 ಲಕ್ಷ ರೂಪಾಯಿ ಸಾಲ ಪಡೆದಿದ್ದೆವು. ಶೇಕಡಾ 13.5ರ ಸ್ಥಿರ ಬಡ್ಡಿ, 60 ಕಂತು, ತಿಂಗಳ ಕಂತು ಸುಮಾರು 1,38,000 ರೂಪಾಯಿ. ಪ್ರೊಸೆಸಿಂಗ್ ಶುಲ್ಕವೆಂದು ಶೇಕಡಾ 2ರಂತೆ 1,20,000 ರೂಪಾಯಿಯನ್ನು ಮತ್ತು ಅದರ ಮೇಲಿನ ಜಿಎಸ್‌ಟಿಯನ್ನು ಸಾಲದ ಮೊತ್ತದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವಾಗ ಬಂದರಿನಲ್ಲಿ ಮಂಜುಗಡ್ಡೆ ಕೇಳುವವರೇ ಇರುವುದಿಲ್ಲ, ಆದರೆ ಕಂತು ಮಾತ್ರ ತಪ್ಪುವುದಿಲ್ಲ. ಆದ್ದರಿಂದ ಕಂತು ಇಳಿಸುವ ಮಾತು ಯಾರು ಆಡಿದರೂ ನಮ್ಮಂಥವರಿಗೆ ಕಿವಿ ನೆಟ್ಟಗಾಗುತ್ತದೆ.

2025ರ ಆಗಸ್ಟಿನಲ್ಲಿ ಬಂದ ಸಾಲದ ಏಜೆಂಟರು ಒಂದು ಬ್ಯಾಂಕಿನ ಶೇಕಡಾ 11ರ ಬದಲಾಗುವ ಬಡ್ಡಿಯ ಯೋಜನೆಯನ್ನು ಮುಂದಿಟ್ಟರು. "ಕಂತು ತಿಂಗಳಿಗೆ ಐದು ಸಾವಿರ ಕಮ್ಮಿ ಆಗ್ತದೆ, ಮತ್ತೆ ಯೋಚನೆ ಎಂತಕ್ಕೆ ಸಾರ್?" ಎಂಬುದು ಅವರ ಇಡೀ ವಾದವಾಗಿತ್ತು. ಅವರು ಹೇಳಿದ ಅಂಕಿಯಲ್ಲಿ ಸುಳ್ಳಿರಲಿಲ್ಲ. ಇಪ್ಪತ್ತು ಕಂತು ಕಟ್ಟಿದ ಮೇಲೆ ನಮ್ಮ ಅಸಲು ಬಾಕಿ 44.27 ಲಕ್ಷ ರೂಪಾಯಿ ಉಳಿಯುತ್ತಿತ್ತು. ಅದನ್ನು ಶೇಕಡಾ 11ರಲ್ಲಿ ಉಳಿದ 40 ತಿಂಗಳಿಗೆ ಹಂಚಿದರೆ ಕಂತು 1,32,700ಕ್ಕೆ ಇಳಿದು, ಒಟ್ಟು ಸುಮಾರು 2.14 ಲಕ್ಷ ರೂಪಾಯಿ ಉಳಿತಾಯವಾಗುತ್ತದೆ. ಹಳೆಯ ಸಾಲ ಮುಚ್ಚಲು ತಗಲುವ ದಂಡದ ಬಗ್ಗೆ ಕೇಳಿದಾಗ, ಹಳೆಯ ಸಂಸ್ಥೆಯ ಶಾಖೆಯವರು ದೂರವಾಣಿಯಲ್ಲಿ ಶೇಕಡಾ 2 ಎಂದಿದ್ದರು.

ಹೊಸ ಬ್ಯಾಂಕು ಮಂಜೂರಾತಿ ಪತ್ರ ಕೊಟ್ಟು, ತನ್ನ ಶುಲ್ಕ ಕಟ್ಟಿಸಿಕೊಂಡು, ವಕೀಲರ ಅಭಿಪ್ರಾಯ ಮತ್ತು ಆಸ್ತಿ ಮೌಲ್ಯಮಾಪನ ಎರಡನ್ನೂ ಮುಗಿಸಿದ ಮೇಲೆಯೇ ಹಳೆಯ ಸಂಸ್ಥೆಯ ಮುಕ್ತಾಯದ ಲೆಕ್ಕಪಟ್ಟಿ, ಅಂದರೆ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್, ಬಂತು. ಅದರಲ್ಲಿ ದಂಡ ಶೇಕಡಾ 4 ಎಂದಿತ್ತು. ಒಪ್ಪಂದದ ಅನುಬಂಧದ ಪ್ರಕಾರ 24 ಕಂತುಗಳೊಳಗೆ ಮುಚ್ಚಿದರೆ ಶೇಕಡಾ 4, ಆಮೇಲೆ ಶೇಕಡಾ 2. ಶಾಖೆಯವರು ಹೇಳಿದ್ದು ಎರಡನೆಯ ದರವನ್ನು ಮಾತ್ರ. ಹೀಗಾಗಿ ದಂಡವೇ 1.77 ಲಕ್ಷ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸುಮಾರು 32 ಸಾವಿರ. ಹೊಸ ಬ್ಯಾಂಕಿನ ಶುಲ್ಕ 22 ಸಾವಿರ, ವಕೀಲರು, ಮೌಲ್ಯಮಾಪಕರು ಮತ್ತು ಅಡಮಾನ ಪತ್ರದ ಖರ್ಚು 25 ಸಾವಿರ. ತೆರಿಗೆಯನ್ನು ಪಕ್ಕಕ್ಕಿಟ್ಟರೂ 2.24 ಲಕ್ಷವಾಯಿತು. ನಲವತ್ತು ತಿಂಗಳಲ್ಲಿ ಬಿಡಿಬಿಡಿಯಾಗಿ ಬರಬೇಕಾದ 2.14 ಲಕ್ಷದ ಉಳಿತಾಯಕ್ಕಾಗಿ ಇಷ್ಟನ್ನು ಒಂದೇ ವಾರದಲ್ಲಿ ಕೊಟ್ಟಂತಾಯಿತು.

ನಾಲ್ಕು ತಿಂಗಳು ಕಾದು 24ನೆಯ ಕಂತಿನ ನಂತರ ಮುಚ್ಚಿದ್ದರೆ ಬಾಕಿ 40.68 ಲಕ್ಷಕ್ಕೆ ಇಳಿದು, ದಂಡ 81 ಸಾವಿರವಾಗುತ್ತಿತ್ತು. ಆ ನಾಲ್ಕು ತಿಂಗಳಿಗೆ ಹಳೆಯ ದರದಲ್ಲಿ ಹೆಚ್ಚುವರಿಯಾಗಿ ತೆರಬೇಕಿದ್ದ ಬಡ್ಡಿ ಸುಮಾರು 36 ಸಾವಿರವಷ್ಟೇ. ಲೆಕ್ಕಪಟ್ಟಿ ಒಂದು ತಿಂಗಳು ಮೊದಲೇ ಕೈಗೆ ಬಂದಿದ್ದರೆ ಈ ಹೋಲಿಕೆ ಮಾಡಲು ಹತ್ತು ನಿಮಿಷ ಸಾಕಿತ್ತು. ಆದರೆ ಅದರ ಸಿಂಧುತ್ವ ಇದ್ದದ್ದು ಏಳು ದಿನ; ಆ ವೇಳೆಗೆ ಹೊಸ ಬ್ಯಾಂಕಿನಲ್ಲಿ ಕಟ್ಟಿದ ಹಣ ಮರಳಿ ಬರುವಂತಿರಲಿಲ್ಲ.

ಎರಡನೆಯ ಪೆಟ್ಟು ಬಿದ್ದದ್ದು ಲೆಕ್ಕಪುಸ್ತಕದಲ್ಲಿ. ಸಾಲ ಪಡೆಯಲು ಕೊಟ್ಟ 1,20,000 ರೂಪಾಯಿಯ ಶುಲ್ಕವನ್ನು ನಮ್ಮ ಲೆಕ್ಕಪರಿಶೋಧಕರು ಸಾಲದ ಅವಧಿಗೆ ಹಂಚಿ, ತಿಂಗಳಿಗೆ 2,000ದಂತೆ ಖರ್ಚು ಬರೆಯುತ್ತಿದ್ದರು. ಇಪ್ಪತ್ತು ತಿಂಗಳಿಗೆ 40,000 ಕಳೆದು, 80,000 ರೂಪಾಯಿ ಆಸ್ತಿಯ ಕಡೆ ನಿಂತಿತ್ತು. ಸಾಲವೇ ಇಲ್ಲವಾದ ಮೇಲೆ ಅದನ್ನು ಹಂಚಲು ಮುಂದಿನ ಅವಧಿ ಎಂಬುದಿಲ್ಲ. ಹೊಸ ಬ್ಯಾಂಕಿನ ಸಾಲದ ಜೊತೆ ಸೇರಿಸಿ ಮುಂದೂಡಲೂ ಬರುವುದಿಲ್ಲ, ಏಕೆಂದರೆ ಅದು ಬೇರೆಯವರು ಕೊಟ್ಟ ಬೇರೆ ಸಾಲ. ಆದ್ದರಿಂದ ಪೂರ್ತಿ 80,000 ರೂಪಾಯಿ ದಂಡದ ಜೊತೆಗೇ 2025-26ರ ಲಾಭ-ನಷ್ಟ ಖಾತೆಗೆ ಬಿದ್ದು, ಆ ವರ್ಷದ ಹಣಕಾಸು ವೆಚ್ಚ 2.57 ಲಕ್ಷದಷ್ಟು ಉಬ್ಬಿತು. ಕ್ಯಾಶ್ ಕ್ರೆಡಿಟ್ ಮಿತಿ ಹೆಚ್ಚಿಸಲು ಕೋರಿದಾಗ ಬ್ಯಾಂಕಿನ ಅಧಿಕಾರಿ ಮೊದಲು ಬೆರಳಿಟ್ಟದ್ದು ಈ ಸಾಲಿನ ಮೇಲೆಯೇ. ಇದು ಒಮ್ಮೆ ಮಾತ್ರ ಬಂದ ಖರ್ಚು ಎಂಬ ವಿವರಣೆಯನ್ನು ಲೆಕ್ಕಪರಿಶೋಧಕರ ಸಹಿಯೊಂದಿಗೆ ಕೊಡಬೇಕಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಈ 80,000 ರೂಪಾಯಿ ಸಾಲ ಮುಚ್ಚುವಾಗ ಕೈಬಿಟ್ಟ ಹಣವಲ್ಲ. 2024ರಲ್ಲೇ ಹೋದದ್ದು, ಸಾಲ ಮುಂದುವರಿಸಿದರೂ ವಾಪಸು ಬರುವಂಥದ್ದಲ್ಲ. ಆದ್ದರಿಂದ ವರ್ಗಾಯಿಸಬೇಕೇ ಬೇಡವೇ ಎಂದು ತೂಗುವಾಗ ಅದನ್ನು ಖರ್ಚಿನ ಕಡೆ ಸೇರಿಸಬಾರದು, ಆದರೆ ಆ ವರ್ಷದ ಲಾಭ ಎಷ್ಟು ಕಾಣಿಸೀತು ಎಂದು ನೋಡುವಾಗ ಸೇರಿಸಲೇಬೇಕು. ತೆರಿಗೆ ಲೆಕ್ಕ ಇನ್ನೂ ಬೇರೆ: ಶುಲ್ಕದ ಪೂರ್ತಿ ಮೊತ್ತವನ್ನು ಸಾಲ ಪಡೆದ ವರ್ಷದ ರಿಟರ್ನಿನಲ್ಲೇ ಖರ್ಚೆಂದು ಆದಾಯದಿಂದ ಕಳೆದಿದ್ದರೆ, ಈಗ ಪುಸ್ತಕದಲ್ಲಿ ಬರೆದ 80,000ವನ್ನು ಆದಾಯಕ್ಕೆ ಮರಳಿ ಸೇರಿಸಬೇಕು, ಒಂದೇ ಖರ್ಚಿಗೆ ಎರಡು ಸಲ ವಿನಾಯಿತಿ ಸಿಗುವುದಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮದಿಂದ ದಂಡ ರದ್ದಾಗಿದೆಯಲ್ಲವೇ ಎಂದು ಹಲವರು ಕೇಳಿದ್ದಾರೆ. 2025ರ ಜುಲೈಯಲ್ಲಿ ಹೊರಬಿದ್ದ ನಿರ್ದೇಶನಗಳು ಅನ್ವಯವಾಗುವುದು 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ, ಬದಲಾಗುವ ಬಡ್ಡಿಯ ಸಾಲಗಳಿಗೆ. ಸಣ್ಣ ಉದ್ದಿಮೆಗಳ ವಿಷಯದಲ್ಲಿ ಸಾಲ ಕೊಟ್ಟ ಸಂಸ್ಥೆ ಯಾವ ವರ್ಗದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಮ್ಮದು ಸ್ಥಿರ ಬಡ್ಡಿಯದು, ಮಂಜೂರಾದದ್ದೂ ಮೊದಲೇ. ಎರಡು ಕಡೆಯಿಂದಲೂ ಹೊರಗೆ. ಇನ್ನು 2024ರ ಅಕ್ಟೋಬರ್ 1ರಿಂದ ಮಂಜೂರಾದ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೆ ಮುಖ್ಯಾಂಶಗಳ ಪಟ್ಟಿ ಕೊಡುವುದು ಕಡ್ಡಾಯವಾಗಿದೆ. ಅದರಲ್ಲಿ ಕಾಣುವ ವಾರ್ಷಿಕ ಒಟ್ಟು ದರವನ್ನು ಸಾಲ ಪೂರ್ತಿ ಅವಧಿಗೆ ನಡೆಯುತ್ತದೆ ಎಂದು ಹಿಡಿದೇ ಲೆಕ್ಕ ಹಾಕಿರುತ್ತಾರೆ. ನಡುವೆ ಮುಚ್ಚಿದರೆ ದರ ಅಷ್ಟಕ್ಕೇ ನಿಲ್ಲುವುದಿಲ್ಲ: ನಮ್ಮ ಶುಲ್ಕ ಮತ್ತು ದಂಡವನ್ನು ಇಪ್ಪತ್ತೇ ತಿಂಗಳಿಗೆ ಹಂಚಿ ನೋಡಿದಾಗ, ಶೇಕಡಾ 13.5ರ ಸಾಲ ನಿಜದಲ್ಲಿ ಸುಮಾರು 17ಕ್ಕೆ ಬಿದ್ದಿತ್ತು.

ದಂಡದ ಮೇಲಿನ 32 ಸಾವಿರ ಜಿಎಸ್‌ಟಿಯಾದರೂ ಇನ್‌ಪುಟ್ ಕ್ರೆಡಿಟ್ ಆಗಿ ಮರಳಬೇಕಿತ್ತು. ಹಳೆಯ ಸಂಸ್ಥೆಯ ಬಿಲ್ಲಿನಲ್ಲಿ ನಮ್ಮ ಕಂಪನಿಯ ಜಿಎಸ್‌ಟಿ ಸಂಖ್ಯೆಯೇ ಇಲ್ಲದ ಕಾರಣ ಅದು ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸುತ್ತಿಲ್ಲ. ಮುಕ್ತಾಯ ಪತ್ರ ಕೊಡುವಾಗಲೇ ಬಿಲ್ಲನ್ನೂ ಕೇಳಿ ಪಡೆದು ಸಂಖ್ಯೆ ಸರಿಯಿದೆಯೇ ಎಂದು ನೋಡಿಕೊಳ್ಳಿ. ಸಾಲ ಮುಚ್ಚಿದ ಮೇಲೆ ಅಲ್ಲಿ ನಿಮ್ಮ ಕಡತ ತೆರೆಯುವವರು ಸಿಗುವುದು ಕಷ್ಟ. 2025-26ರ ಬಿಲ್ಲಿಗೆ ಕ್ರೆಡಿಟ್ ಪಡೆಯಲು 2026ರ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಅವಕಾಶವಿದೆ. ತಿದ್ದಿದ ಬಿಲ್ಲಿಗಾಗಿ ನಾವಿನ್ನೂ ಪತ್ರ ಬರೆಯುತ್ತಲೇ ಇದ್ದೇವೆ.